ಪುಡಿ ಬಾಟಲಿಗೆ ನೀರೆಷ್ಟು, ಬೆರೆಸಿದ ಮೇಲೆ ದಿನವೆಷ್ಟು

ಮಕ್ಕಳ ಡಾಕ್ಟರು ಬರೆದ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಎಷ್ಟೋ ಸಲ ಕೈಗೆ ಬರುವುದು ಸಿರಪ್ ಅಲ್ಲ, ತಳದಲ್ಲಿ ಒಂದಿಷ್ಟು ಪುಡಿ ಇರುವ ಬಾಟಲಿ. ಕೊಡುವವರು ಬಿಲ್ ಹರಿಯುತ್ತಲೇ "ಗೆರೆ ತನಕ ನೀರು ಹಾಕಿ ಅಲ್ಲಾಡಿಸಿ" ಎನ್ನುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಕಾರ್ಖಾನೆಯಲ್ಲಿ ಆಗದೆ ಉಳಿದ ಔಷಧ ತಯಾರಿಕೆಯ ಕೊನೆಯ ಹಂತ ನಮ್ಮ ಅಡುಗೆಮನೆಗೆ ಬಂತು. ಅಮೆರಿಕ, ಬ್ರಿಟನ್ನಿನಂಥ ಕಡೆ ಈ ಹಂತವನ್ನು ಸಾಮಾನ್ಯವಾಗಿ ಫಾರ್ಮಸಿಸ್ಟರೇ ಅಳತೆ ಪಾತ್ರೆ ಹಿಡಿದು ಮುಗಿಸಿ, ಬೆರೆಸಿದ ದ್ರವವನ್ನೇ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಅದು ಜ್ವರದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡ ತಾಯಿಯ ಪಾಲಿಗೆ ಬೀಳುತ್ತದೆ. ಫಾರ್ಮಸಿ ಕೌಂಟರಿನ ಒಳಬದಿಯಲ್ಲಿ ನಿಂತು ಕೆಲಸ ಮಾಡಿದವನಾಗಿ ಹೇಳುವುದಾದರೆ, ಹೊರಬದಿಯವರಿಗೆ ನಾವು ಹೇಳದೆ ಉಳಿಸುವ ಮಾತು ಬಹಳ.

ಅಂಗಡಿಯಲ್ಲಿ ಇದಕ್ಕೆ 'ಡ್ರೈ ಸಿರಪ್' ಎನ್ನುತ್ತಾರೆ. ಸೆಫಿಕ್ಸಿಮ್, ಸೆಫ್ಪೊಡಾಕ್ಸಿಮ್, ಸೆಫಲೆಕ್ಸಿನ್ ಹೀಗೆ ಹಲವು ಆ್ಯಂಟಿಬಯಾಟಿಕ್‌ಗಳು ಈ ರೂಪದಲ್ಲಿ ಬರುತ್ತವೆ. ನಾನಿಲ್ಲಿ ಒಂದನ್ನೇ ಹಿಡಿದು ಮಾತಾಡುತ್ತೇನೆ: ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲ ಎರಡೂ ಸೇರಿದ ಪುಡಿ. ಡಾಕ್ಟರುಗಳ ಬಾಯಲ್ಲಿ ಇದು 'ಅಮಾಕ್ಸಿಕ್ಲಾವ್'. ಕಿವಿನೋವು, ಸೈನಸ್, ಕೆಲವು ಬಗೆಯ ನ್ಯುಮೋನಿಯಾಕ್ಕೆ ಮಕ್ಕಳಿಗೆ ಬರೆಯುವ ಔಷಧ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಡ್ರೈ ಸಿರಪ್ಪುಗಳ ಪೈಕಿ ನೀರಿನ ಜೊತೆ ಇದರಷ್ಟು ನಾಜೂಕಾಗಿ ನಡೆದುಕೊಳ್ಳುವುದು ಕಡಿಮೆ. ಇದರ ಸ್ವಭಾವ ತಿಳಿದರೆ ಉಳಿದವುಗಳ ಮೇಲಿನ ಸೂಚನೆಗಳೂ ಅರ್ಥವಾಗುತ್ತವೆ.

ಮೊದಲ ಪ್ರಶ್ನೆ, ಕಂಪನಿಯವರೇ ನೀರು ಬೆರೆಸಿ ಯಾಕೆ ಕೊಡುವುದಿಲ್ಲ? ಉತ್ತರ ಅಣುವಿನ ಆಕಾರದಲ್ಲಿದೆ. ಪೆನಿಸಿಲಿನ್ ಜಾತಿಯ ಔಷಧಗಳ ನಡುಮಧ್ಯದಲ್ಲಿ ನಾಲ್ಕೇ ಪರಮಾಣುಗಳು ಸೇರಿ ಆದ ಒಂದು ಚೌಕದ ಉಂಗುರವಿದೆ, ಹೆಸರು ಬೀಟಾ ಲ್ಯಾಕ್ಟಂ. ಡೊರೋಥಿ ಹಾಡ್ಜ್‌ಕಿನ್ 1945ರಲ್ಲಿ ಎಕ್ಸ್‌ರೇ ಹಾಯಿಸಿ ಪೆನಿಸಿಲಿನ್ ಹರಳಿನ ರಚನೆಯನ್ನು ಬಿಡಿಸಿದಾಗ ಈ ಉಂಗುರ ಇರುವುದು ಖಚಿತವಾಯಿತು. ನಾಲ್ಕೇ ಪರಮಾಣುಗಳನ್ನು ಚೌಕಕ್ಕೆ ಬಗ್ಗಿಸಿ ಕೂರಿಸಿದ್ದರಿಂದ ಅದು ಸದಾ ಬಿಗಿತದಲ್ಲಿರುತ್ತದೆ, ಬಿಚ್ಚಿಕೊಳ್ಳಲು ನೆಪ ಹುಡುಕುತ್ತದೆ. ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವದ ಮೇಲೆ ಬಿಚ್ಚಿಕೊಂಡರೆ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧದ ಕೆಲಸವೇ ಅದು. ಬಾಟಲಿಯ ನೀರಿನಲ್ಲೇ ಬಿಚ್ಚಿಕೊಂಡುಬಿಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು ಕೆಲಸಕ್ಕೆ ಬಾರದ ಚೂರು. ಪುಡಿಯಾಗಿ, ತೇವ ತಾಗದಂತೆ ಇಟ್ಟರೆ ಒಂದೆರಡು ವರ್ಷ ಇರುತ್ತದೆ. ನೀರು ಬಿದ್ದ ಗಳಿಗೆಯಿಂದ ದಿನಗಳ ಲೆಕ್ಕ ಶುರು.

ಅಮಾಕ್ಸಿಸಿಲಿನ್ನಿನ ಜೊತೆಗಾರ ಕ್ಲಾವುಲನಿಕ್ ಆಮ್ಲ ಇನ್ನೂ ಸೂಕ್ಷ್ಮ. ಬ್ರಿಟನ್ನಿನ ಬೀಚಂ ಕಂಪನಿಯ ವಿಜ್ಞಾನಿಗಳು 1970ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದರು. 1981ರಲ್ಲಿ ಎರಡೂ ಸೇರಿದ ಔಷಧ ಅಲ್ಲಿನ ಮಾರುಕಟ್ಟೆಗೆ ಬಂತು. ತಾನೊಂದೇ ಆದರೆ ಇದು ಅಷ್ಟೇನೂ ಕೊಲ್ಲುವ ಔಷಧವಲ್ಲ. ಕೆಲವು ಬ್ಯಾಕ್ಟೀರಿಯಾಗಳು ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಮಾಡಿ ಅಮಾಕ್ಸಿಸಿಲಿನ್ನಿನ ಉಂಗುರವನ್ನು ಮೊದಲೇ ಕತ್ತರಿಸಿಹಾಕುತ್ತವೆ. ಕ್ಲಾವುಲನಿಕ್ ಆಮ್ಲ ಆ ಕಿಣ್ವಕ್ಕೆ ತಾನೇ ಸಿಕ್ಕಿಹಾಕಿಕೊಂಡು ಅದನ್ನು ನಿಷ್ಕ್ರಿಯ ಮಾಡುತ್ತದೆ, ಅಮಾಕ್ಸಿಸಿಲಿನ್ ಉಳಿದುಕೊಳ್ಳುತ್ತದೆ. ಅಂದರೆ ಡಾಕ್ಟರು ಬರೀ ಅಮಾಕ್ಸಿಸಿಲಿನ್ ಬಿಟ್ಟು ಈ ಜೋಡಿಯನ್ನು ಬರೆದಿದ್ದರೆ, ಆ ಕಿಣ್ವ ಮಾಡುವ ಬ್ಯಾಕ್ಟೀರಿಯಾದ ಅನುಮಾನ ಅವರಿಗಿದೆ ಎಂದೇ ಹೆಚ್ಚಾಗಿ ಅರ್ಥ. ಬಾಟಲಿಯಲ್ಲಿ ಈ ಜೊತೆಗಾರ ಮೊದಲು ಕೆಡುತ್ತಾನೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಬಾಳಿಕೆಯ ಲೆಕ್ಕವೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಈಗ ನೀರಿನ ಮಾತು. ನಮ್ಮಲ್ಲಿ ಸಿಗುವ 30 ಎಂಎಲ್ ಬಾಟಲಿಯೊಂದನ್ನು ತೆಗೆದುಕೊಳ್ಳೋಣ. ಲೇಬಲ್ಲಿನ ಮೇಲೆ 5 ಎಂಎಲ್‌ಗೆ 228.5 ಮಿಲಿಗ್ರಾಂ ಎಂದಿದೆ. ಅದರಲ್ಲಿ 200 ಅಮಾಕ್ಸಿಸಿಲಿನ್, 28.5 ಕ್ಲಾವುಲನಿಕ್ ಆಮ್ಲ. ಬಾಟಲಿಯಲ್ಲಿ 5 ಎಂಎಲ್‌ನ ಆರು ಡೋಸು. ಆರು ಇನ್ನೂರಲೆ 1200 ಮಿಲಿಗ್ರಾಂ ಅಮಾಕ್ಸಿಸಿಲಿನ್ ಪುಡಿಯಲ್ಲಿ ತುಂಬಿಟ್ಟಿದ್ದಾರೆ. ನಾವು ಎಷ್ಟೇ ನೀರು ಹಾಕಲಿ, ಈ 1200 ಬದಲಾಗುವುದಿಲ್ಲ. ಬದಲಾಗುವುದು ಒಂದೊಂದು ಡೋಸಿನಲ್ಲಿ ಅದು ಎಷ್ಟೆಷ್ಟು ಹಂಚಿಹೋಗುತ್ತದೆ ಎಂಬುದು.

30 ಎಂಎಲ್ ಬಾಟಲಿ ಎಂದರೆ 30 ಎಂಎಲ್ ನೀರು ಹಾಕಬೇಕು ಎಂದುಕೊಳ್ಳುವವರು ಬಹಳ ಮಂದಿ. ಲೆಕ್ಕ ಅಚ್ಚುಕಟ್ಟಾಗಿ ಕಾಣುವುದರಿಂದ ಓದು ಬರಹ ಬಲ್ಲವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಆದರೆ ಪುಡಿಗೂ ಜಾಗ ಬೇಕಲ್ಲ. ತುಂಬಿದ ಲೋಟ ನೀರಿಗೆ ಎರಡು ಚಮಚ ರಾಗಿಹಿಟ್ಟು ಹಾಕಿದರೆ ನೀರು ಹೊರಗೆ ಚೆಲ್ಲುವಂತೆಯೇ ಇದು. ಸಕ್ಕರೆ ಅಥವಾ ಸಿಹಿಕಾರಕ, ಮಂದ ಬರಿಸುವ ಅಂಟು, ಪರಿಮಳ, ತೇವ ಹೀರುವ ಸಿಲಿಕಾ ಎಲ್ಲ ಸೇರಿ ಪುಡಿ ಒಂದಿಷ್ಟು ಎಂಎಲ್ ಜಾಗ ಹಿಡಿಯುತ್ತದೆ. ಎಷ್ಟು ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಲೆಕ್ಕಕ್ಕೆ 4 ಎಂಎಲ್ ಎಂದಿಟ್ಟುಕೊಳ್ಳಿ. ಅದರ ಮೇಲೆ 30 ಎಂಎಲ್ ನೀರು ಸುರಿದರೆ ಒಟ್ಟು 34 ಆಯಿತು. 5 ಎಂಎಲ್‌ನಲ್ಲಿ 200 ಇರಬೇಕಾದ ಅಮಾಕ್ಸಿಸಿಲಿನ್ 176ಕ್ಕೆ ಇಳಿಯಿತು, ಅಂದರೆ ನೂರಕ್ಕೆ ಹನ್ನೆರಡರಷ್ಟು ಖೋತಾ. ಪ್ರತಿ ಡೋಸಿನಲ್ಲೂ ಇದೇ ಕೊರತೆ.

ಉಲ್ಟಾ ತಪ್ಪು ಇನ್ನೂ ದೊಡ್ಡದಾಗುತ್ತದೆ. ಪುಡಿಯ ಮೇಲೆ ನೀರು ಸುರಿದು ಅಲ್ಲಾಡಿಸಿದ ಕೂಡಲೇ ನೊರೆ ಬರುತ್ತದೆ. ನೊರೆ ಗೆರೆ ಮುಟ್ಟಿದ್ದನ್ನು ನೋಡಿ ಸಾಕೆಂದು ನಿಲ್ಲಿಸುತ್ತಾರೆ. ನೊರೆ ಇಳಿದ ಮೇಲೆ ನೋಡಿದರೆ ದ್ರವ ಗೆರೆಗಿಂತ ಬಹಳ ಕೆಳಗೆ. 30 ಆಗಬೇಕಾದದ್ದು 20 ಎಂಎಲ್‌ಗೆ ನಿಂತಿತೆಂದರೆ 5 ಎಂಎಲ್‌ನಲ್ಲಿ 300 ಮಿಲಿಗ್ರಾಂ, ಒಂದೂವರೆ ಪಟ್ಟು. ಹೊಟ್ಟೆ ಕೆಟ್ಟು ಭೇದಿ ಹಿಡಿಯುವುದು ಈ ಔಷಧದಲ್ಲಿ ಮೊದಲೇ ಇರುವ ತೊಂದರೆ, ಡೋಸು ಏರಿದರೆ ಅದೂ ಏರುತ್ತದೆ.

ಗೆರೆ ಎಂಬುದು ನೀರಿನ ಅಳತೆಯಲ್ಲ, ಪುಡಿ ನೀರು ಎರಡೂ ಸೇರಿ ಆಗಬೇಕಾದ ಮಟ್ಟ. ಹಾಗಾಗಿ ಮನೆಯಲ್ಲಿ ಬೆರೆಸುವವರಿಗೆ ನೀರನ್ನು ಬೇರೆಯಾಗಿ ಅಳೆಯುವ ಗೋಜೇ ಇಲ್ಲ, ಮಟ್ಟ ನೋಡಿದರೆ ಸಾಕು. ನೋಡುವುದಕ್ಕೂ ಒಂದು ಕ್ರಮವಿದೆ. ಸೀಲ್ ಒಡೆಯುವ ಮೊದಲು ಬಾಟಲಿಯನ್ನು ತಲೆಕೆಳಗು ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ. ತಳದ ಮೂಲೆಯಲ್ಲಿ ಗಟ್ಟಿ ಕೂತ ಪುಡಿ ಸಡಿಲವಾಗಿ ಓಡಾಡಬೇಕು. ಇಲ್ಲದಿದ್ದರೆ ಅದು ಉಂಡೆಯಾಗಿ ತಳಕ್ಕೆ ಅಂಟಿಕೊಂಡು, ಮೂರನೇ ದಿನ ಕರಗಿ, ಕೊನೆಯ ಡೋಸುಗಳನ್ನು ಗಡಸು ಮಾಡುತ್ತದೆ. ಆಮೇಲೆ ಕುದಿಸಿ, ಪೂರ್ತಿ ತಣ್ಣಗಾದ ನೀರನ್ನು ಗೆರೆಯ ಅರ್ಧಕ್ಕಿಂತ ತುಸು ಮೇಲೆ ಬರುವಷ್ಟು ಹಾಕಿ. ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿ. ಬಾಟಲಿಯನ್ನು ಕೆಳಗಿಟ್ಟು ಐದು ನಿಮಿಷ ಬಿಟ್ಟುಬಿಡಿ. ನೊರೆ ಇಳಿದ ಮೇಲೆ ಬಾಟಲಿಯನ್ನು ಸಮನಾದ ಕಟ್ಟೆಯ ಮೇಲಿಟ್ಟು, ನೀವು ಬಗ್ಗಿ, ಕಣ್ಣನ್ನು ಗೆರೆಯ ನೇರಕ್ಕೆ ತಂದು, ಚಮಚದಿಂದ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ ಗೆರೆ ಮುಟ್ಟಿಸಿ. ಇನ್ನೊಮ್ಮೆ ಅಲ್ಲಾಡಿಸಿ, ಇನ್ನೊಮ್ಮೆ ನೋಡಿ. ಕೆಳಗಿಳಿದಿದ್ದರೆ ಆ ಕೊರತೆಯಷ್ಟನ್ನು ಮಾತ್ರ ತುಂಬಿ.

ಗೆರೆ ಸಿಗುವುದೇ ಕೆಲವು ಬಾಟಲಿಗಳಲ್ಲಿ ಸಾಹಸ. ಒಂದರಲ್ಲಿ ಗಾಜಿನಲ್ಲೇ ಉಬ್ಬಿದ ಉಂಗುರವಿರುತ್ತದೆ, ಇನ್ನೊಂದರಲ್ಲಿ ಲೇಬಲ್ಲಿನ ಅಂಚಿಗೆ ಬಾಣದ ಗುರುತು. ಬಿಳಿ ಪ್ಲಾಸ್ಟಿಕ್ ಬಾಟಲಿಯಾದರೆ ಬೆಳಕಿಗೆ ಹಿಡಿದರಷ್ಟೇ ಒಳಗಿನ ಮಟ್ಟ ಕಾಣುತ್ತದೆ. ಇಷ್ಟು ಮುಖ್ಯವಾದ ಗುರುತನ್ನು ಇಷ್ಟು ಸಣ್ಣದಾಗಿ ಯಾಕೆ ಅಚ್ಚು ಹಾಕುತ್ತಾರೋ! ಅಂಗಡಿ ಬಿಡುವ ಮೊದಲೇ "ಅಣ್ಣಾ, ಗೆರೆ ಎಲ್ಲಿದೆ, ಒಂದು ಸಲ ತೋರಿಸಿ" ಎಂದು ಕೇಳಿ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು.

ಕೆಲವು ಬ್ರ್ಯಾಂಡ್‌ಗಳು ಡಬ್ಬದಲ್ಲೇ ಶುದ್ಧ ನೀರಿನ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಟ್ಟಿರುತ್ತವೆ. ಅದರ ನೀರು ಆ ಬಾಟಲಿಯ ಪುಡಿಗೆಂದೇ ಅಳೆದು ತುಂಬಿದ್ದು, ಸೂಚನೆಯಲ್ಲಿ ಹೇಳಿದಂತೆ ಬಳಸಿದರೆ ಮಟ್ಟ ಸರಿಯಾಗಿ ಬರುತ್ತದೆ. ಕಳೆದ ಸಲ ಉಳಿದಿದ್ದ ಬೇರೆ ಬ್ರ್ಯಾಂಡಿನ ಕೊಳವೆಯನ್ನು ಇದಕ್ಕೆ ಹಾಕಿದರೆ ಆ ಅನುಕೂಲ ಹೋಯಿತು. ಇನ್ನು, ನೀರು ಬಿಸಿಯಿದ್ದರೆ ಬೇಗ ಕರಗುತ್ತದೆ ಎಂದು ಉಗುರುಬೆಚ್ಚಗೆ ಮಾಡಿ ಹಾಕುವವರಿದ್ದಾರೆ. ಆ ಚೌಕದ ಉಂಗುರ ಬಿಚ್ಚುವ ಕೆಲಸಕ್ಕೆ ಶಾಖ ಸಹಾಯವನ್ನೇ ಮಾಡುತ್ತದೆ. ಹಾಲು, ಜ್ಯೂಸ್ ಯಾವುದೂ ಬಾಟಲಿಗೆ ಸಲ್ಲ. ಪುಡಿಯನ್ನು ಬಾಟಲಿಯಿಂದ ಚಮಚಕ್ಕೆ ಬಗ್ಗಿಸಿಕೊಂಡು ಹೊತ್ತುಹೊತ್ತಿಗೆ ಚಮಚದಲ್ಲೇ ನೀರು ಕಲಸಿ ಕೊಡುವುದಂತೂ ಅಪಾಯ, ಒಂದು ಚಮಚ ಪುಡಿಯಲ್ಲಿ ಎಷ್ಟೋ ಡೋಸುಗಳಿರುತ್ತವೆ.

ನೀರು ಗೆರೆ ದಾಟಿಬಿಟ್ಟರೆ? ಕೌಂಟರಿಗೆ ಬರುವ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು, ಯಾಕೆಂದರೆ ಇದಕ್ಕೆ ಎಲ್ಲರಿಗೂ ಹೊಳೆಯುವ ಉತ್ತರ ತಪ್ಪು. "ಸ್ವಲ್ಪ ಹೊತ್ತು ಬಿಟ್ಟರೆ ಪುಡಿ ಕೆಳಗೆ ಕೂರುತ್ತಲ್ಲ, ಮೇಲಿನ ತಿಳಿ ಚೆಲ್ಲಿಬಿಡಲಾ ಸಾರ್?" ಎಂದು ಕೇಳುತ್ತಾರೆ. ಚೆಲ್ಲಬಾರದು. ಬಾಟಲಿಯಲ್ಲಿರುವ ಎರಡು ಔಷಧಗಳಿಗೆ ನೀರಿನ ಜೊತೆಗಿನ ಸಂಬಂಧ ಒಂದೇ ಅಲ್ಲ. ಅಮಾಕ್ಸಿಸಿಲಿನ್ ಕಷ್ಟಪಟ್ಟು ಕರಗುತ್ತದೆ, ಒಂದು ಎಂಎಲ್ ನೀರಿಗೆ ಹೆಚ್ಚೆಂದರೆ ಸುಮಾರು 4 ಮಿಲಿಗ್ರಾಂ. ನಮ್ಮ ಬಾಟಲಿಯಲ್ಲಿ ಎಂಎಲ್‌ಗೆ 40 ಮಿಲಿಗ್ರಾಂ ಇದೆ. ಅಂದರೆ ಅದರ ಬಹುಪಾಲು ಕರಗದೆ, ಸಣ್ಣ ಕಣಗಳಾಗಿ ತೇಲಿಕೊಂಡು, ಬಿಟ್ಟರೆ ತಳಕ್ಕಿಳಿಯುತ್ತದೆ. ಕ್ಲಾವುಲನಿಕ್ ಆಮ್ಲದ ಪೊಟ್ಯಾಸಿಯಂ ಲವಣ ಹಾಗಲ್ಲ, ನೀರು ಕಂಡ ಕೂಡಲೇ ಪೂರ್ತಿ ಕರಗಿಬಿಡುತ್ತದೆ. ಮೇಲೆ ನಿಂತ ತಿಳಿಯನ್ನು ಚೆಲ್ಲಿದರೆ ಚೆಲ್ಲಿಹೋಗುವುದು ಕ್ಲಾವುಲನಿಕ್ ಆಮ್ಲವೇ. ಅಮಾಕ್ಸಿಸಿಲಿನ್ ಮಾತ್ರ ತಳದಲ್ಲಿ ಉಳಿದು, ಡಾಕ್ಟರು ಬರೆದ ಔಷಧವೇ ಬೇರೆ, ಮಗುವಿಗೆ ಹೋಗುವ ಔಷಧವೇ ಬೇರೆ ಆಗುತ್ತದೆ. ಗೆರೆಗಿಂತ ಎದ್ದು ಕಾಣುವಷ್ಟು ಹೆಚ್ಚಾದರೆ ಬಾಟಲಿಯನ್ನು ಅಂಗಡಿಗೆ ಒಯ್ದು ತೋರಿಸಿ. ಹೊಸದು ಕೊಳ್ಳುವುದೇ ಸಾಮಾನ್ಯವಾಗಿ ನಾನು ಹೇಳುವ ಮಾತು.

'ಶೇಕ್ ವೆಲ್' ಎಂದು ಲೇಬಲ್ ಮೇಲೆ ಅಚ್ಚಾದದ್ದಕ್ಕೂ ಇದೇ ಕಾರಣ. ಬೆರೆಸುವಾಗ ಒಂದು ಸಲ ಅಲ್ಲಾಡಿಸಿದರೆ ಆಗಲಿಲ್ಲ, ಪ್ರತಿ ಡೋಸಿಗೂ ಅಲ್ಲಾಡಿಸಬೇಕು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ನಿಂತ ಬಾಟಲಿಯಿಂದ ಬೆಳಿಗ್ಗೆ ಹಾಗೇ ಬಗ್ಗಿಸಿದರೆ ಬರುವುದು ಕಿತ್ತಳೆ ಪರಿಮಳದ, ಅಮಾಕ್ಸಿಸಿಲಿನ್ ಕಡಿಮೆಯಿರುವ ತಿಳಿನೀರು. ಮೊದಲ ದಿನ ಕಡಿಮೆ, ಕೊನೆಯ ದಿನ ಹೆಚ್ಚು. ಸೋಂಕು ಜೋರಾಗಿರುವುದು ಮಾತ್ರ ಮೊದಲ ದಿನವೇ. ತಳವನ್ನು ಬೆಳಕಿಗೆ ಹಿಡಿದು, ಅಂಟಿಕೊಂಡ ಗಸಿ ಬಿಟ್ಟಿದೆಯೇ ನೋಡಿ ಆಮೇಲೆ ಮುಚ್ಚಳ ತೆಗೆಯಿರಿ. ಅಳೆಯಲು ಡಬ್ಬದಲ್ಲಿ ಬಂದ ಗೆರೆಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಇರಲಿ. ಮನೆಯ ಚಮಚಗಳು ಒಂದೊಂದು ಗಾತ್ರದವು. ಇಷ್ಟು ಜತನದಿಂದ ಗೆರೆ ಮುಟ್ಟಿಸಿ ಕೊನೆಗೆ ಚಮಚದಲ್ಲಿ ಸೋತರೆ ಏನು ಬಂತು.

ಬಾಳಿಕೆಗೆ ಬರೋಣ. ಬಾಟಲಿಯ ಮೇಲೆ ಎರಡು ಗಡುವುಗಳಿರುತ್ತವೆ, ಜನ ಓದುವುದು ಒಂದನ್ನು. ದೊಡ್ಡಕ್ಷರದ ಎಕ್ಸ್‌ಪೈರಿ ತಿಂಗಳು ಸೀಲ್ ಒಡೆಯದ ಒಣಪುಡಿಗೆ ಸೇರಿದ್ದು. ನೀರು ಬಿದ್ದ ಮೇಲೆ ಅದಕ್ಕೆ ಅರ್ಥವಿಲ್ಲ. ಆಮೇಲಿನದು ಸಣ್ಣಕ್ಷರದಲ್ಲಿ, ಬೆರೆಸಿದ ಮೇಲೆ ಇಷ್ಟು ದಿನದೊಳಗೆ ಬಳಸಿ ಎಂದಿರುತ್ತದೆ. ಅಮಾಕ್ಸಿಕ್ಲಾವ್‌ಗೆ ನಮ್ಮಲ್ಲಿನ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು 7 ದಿನ, ಅದೂ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ. ಅಮೆರಿಕದ ಲೇಬಲ್‌ಗಳಲ್ಲಿ ಇದೇ ಜೋಡಿಗೆ 10 ದಿನ, ಬರೀ ಅಮಾಕ್ಸಿಸಿಲಿನ್ನಿಗೆ 14 ದಿನ ಎಂದಿರುತ್ತದೆ. ಈ ಅಂತರ ನೋಡಿದರೆ ಜೊತೆಗಾರನ ನಾಜೂಕು ತಿಳಿಯುತ್ತದೆ. ಕರಗದೆ ಕಣವಾಗಿ ಉಳಿದ ಅಮಾಕ್ಸಿಸಿಲಿನ್ನಿಗೆ ನೀರಿನ ಏಟು ಕಡಿಮೆ, ಕರಗಿದ ಅಲ್ಪ ಭಾಗವಷ್ಟೇ ಸವೆಯುತ್ತದೆ. ಪೂರ್ತಿ ಕರಗಿ ನಿಂತ ಕ್ಲಾವುಲನಿಕ್ ಆಮ್ಲಕ್ಕೆ ಅಡಗಲು ಜಾಗವಿಲ್ಲ. ಅದು ನಿಗದಿಗಿಂತ ಕೆಳಗೆ ಇಳಿಯುವ ಮೊದಲೇ ಗಡುವು ಹಾಕಬೇಕು. ಕಂಪನಿ ತನ್ನ ಪುಡಿಯನ್ನು ಪರೀಕ್ಷೆ ಮಾಡಿ ಹಾಕಿದ ಸಂಖ್ಯೆ ಅದು. ಅಮೆರಿಕದಲ್ಲಿರುವ ಮಗಳು ಹತ್ತು ದಿನ ಎಂದಳೆಂದು ದಾವಣಗೆರೆಯ ಬಾಟಲಿಗೆ ಹತ್ತು ದಿನ ಕೊಡಲಾಗದು.

ಎಲ್ಲ ಡ್ರೈ ಸಿರಪ್ಪನ್ನೂ ಫ್ರಿಜ್ಜಿಗೆ ತಳ್ಳುವುದೂ ತಪ್ಪೇ. ಕ್ಲಾರಿಥ್ರೊಮೈಸಿನ್ ಎಂಬುದನ್ನು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿ ಇಡಬಾರದು ಎಂದೇ ಸೂಚನೆಯಿರುತ್ತದೆ, ಇಟ್ಟರೆ ಅದು ಗಟ್ಟಿಯಾಗುತ್ತದೆ. ಹಾಗಾಗಿ ಪಕ್ಕದ ಮನೆಯವರ ಬಾಟಲಿಯ ನಿಯಮ ನಮ್ಮ ಬಾಟಲಿಗಲ್ಲ.

ಒಂದು ಉದಾಹರಣೆಯನ್ನು ದಿನ ಹಿಡಿದು ನೋಡೋಣ. ಹತ್ತು ಕಿಲೋ ತೂಕದ, ವರ್ಷ ತುಂಬಿದ ಮಗು. ಡಾಕ್ಟರು 228.5ರ ಸಿರಪ್ಪನ್ನು 5 ಎಂಎಲ್‌ನಂತೆ ದಿನಕ್ಕೆ ಎರಡು ಹೊತ್ತು, ಐದು ದಿನ ಎಂದು ಬರೆದಿದ್ದಾರೆ. ಒಟ್ಟು ಹತ್ತು ಡೋಸು, 50 ಎಂಎಲ್. 30 ಎಂಎಲ್‌ನ ಎರಡು ಬಾಟಲಿ ಬೇಕು. ಸೋಮವಾರ ಸಂಜೆ ಮೊದಲ ಬಾಟಲಿ ಬೆರೆಸಿ ಶುರು ಮಾಡಿದರೆ ಗುರುವಾರ ಬೆಳಿಗ್ಗೆಗೆ ಆರು ಡೋಸು ಮುಗಿದು ಬಾಟಲಿ ಖಾಲಿ. ಗುರುವಾರ ಸಂಜೆ ಎರಡನೆಯದನ್ನು ಬೆರೆಸಬೇಕು. ಶನಿವಾರ ಬೆಳಿಗ್ಗೆಗೆ ಕೋರ್ಸು ಮುಗಿಯುತ್ತದೆ, ಬಾಟಲಿಯಲ್ಲಿ 10 ಎಂಎಲ್ ಉಳಿಯುತ್ತದೆ. ನೀರಿನ ಅಳತೆ ಸರಿಯಿತ್ತೇ ಎಂದು ತಿಳಿಯಲು ಇಲ್ಲೇ ಒಂದು ಪರೀಕ್ಷೆಯಿದೆ: ಮೊದಲ ಬಾಟಲಿ ನಾಲ್ಕೈದು ಡೋಸಿಗೇ ಬರಿದಾದರೆ ನೀರು ಕಡಿಮೆ ಬಿದ್ದಿತ್ತು, ಆರು ಮುಗಿದ ಮೇಲೂ ಒಂದು ಡೋಸಿಗಾಗುವಷ್ಟು ಉಳಿದರೆ ಹೆಚ್ಚು ಬಿದ್ದಿತ್ತು. ಬಾಟಲಿಯ ಗೋಡೆಗೆ ಅಂಟಿದ್ದನ್ನು ನೀರು ಹಾಕಿ ಗಲಬರಿಸಿ ಕೊಟ್ಟರೆ ಅದು ಡೋಸಿನ ಲೆಕ್ಕಕ್ಕೆ ಬರುವುದಿಲ್ಲ.

ಎರಡೂ ಬಾಟಲಿಯನ್ನು ಮೊದಲ ದಿನವೇ ಬೆರೆಸಿಟ್ಟರೆ ಏನಾಗುತ್ತಿತ್ತು? ಈ ಮಗುವಿನ ಮಟ್ಟಿಗೆ ಶನಿವಾರದೊಳಗೆ ಮುಗಿಯುವುದರಿಂದ ಗಡುವು ಮೀರುತ್ತಿರಲಿಲ್ಲ. ಆದರೆ ಐದು ಕಿಲೋದ ಕೂಸಿಗೆ 2.5 ಎಂಎಲ್ ಎರಡು ಹೊತ್ತು, ಹತ್ತು ದಿನ ಎಂದು ಬರೆದಿದ್ದರೆ ಲೆಕ್ಕ ಬೇರೆ. ದಿನಕ್ಕೆ 5 ಎಂಎಲ್ ಖರ್ಚು, ಒಂದು ಬಾಟಲಿ ಆರು ದಿನ ಬರುತ್ತದೆ. ಎರಡನೇ ಬಾಟಲಿಯ ಸರದಿ ಬರುವುದು ಏಳನೇ ದಿನಕ್ಕೆ. ಅದನ್ನೂ ಮೊದಲ ದಿನವೇ ಬೆರೆಸಿಟ್ಟಿದ್ದರೆ ಏಳು ದಿನ ದಾಟಿದ ಮೇಲೆ, ಹತ್ತನೇ ದಿನದವರೆಗೂ ಕೊಡುವುದೆಲ್ಲ ಗಡುವು ಮೀರಿದ ಔಷಧ. ಅಂಗಡಿಯವರು ಸಹಾಯ ಮಾಡಲೆಂದು ಎರಡನ್ನೂ ಬೆರೆಸಿಕೊಡಲು ಹೊರಟರೆ "ಒಂದು ಸಾಕು, ಇನ್ನೊಂದು ಹಾಗೇ ಇರಲಿ" ಎನ್ನಿ. ಮಧ್ಯೆ ಮೈಮೇಲೆ ಗಂದೆ ಎದ್ದು ಡಾಕ್ಟರು ಔಷಧವನ್ನೇ ಬದಲಿಸಿದರೆ, ಬೆರೆಸದ ಬಾಟಲಿಯನ್ನು ಅಂಗಡಿಗೆ ವಾಪಸ್ ಕೊಡುವ ದಾರಿಯಾದರೂ ಇರುತ್ತದೆ.

ಬೆರೆಸಿದ ಹೊತ್ತಿನಲ್ಲೇ ಲೇಬಲ್ಲಿನ ಮೇಲೆ ಪೆನ್ನಿನಿಂದ ಬರೆದುಬಿಡಿ: ಬೆರೆಸಿದ್ದು 12 ಸಂಜೆ, ಮುಗಿಯುವುದು 19 ಸಂಜೆ. ಮಗು ಅಳುವಾಗ ಮನೆಯಲ್ಲಿ ಯಾರಿಗೂ ತಾರೀಕು ನೆನಪಿರುವುದಿಲ್ಲ, ಕೊಡುವವರು ಹೊತ್ತಿಗೊಬ್ಬರು ಬೇರೆ. ಫ್ರಿಜ್ಜಿನಲ್ಲಿ ಇಡುವ ಜಾಗ ನಡುವಿನ ಅರೆ. ಬಾಗಿಲ ಅರೆ ತೆರೆದು ಮುಚ್ಚುವಾಗಲೆಲ್ಲ ಬೆಚ್ಚಗಾಗುತ್ತದೆ. ಮೇಲಿನ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸುವುದೂ ಬೇಡ.

ಕೆಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ನನ್ನ ಉತ್ತರ ಅರ್ಧಂಬರ್ಧ. ಸೀಲ್ ಒಡೆಯುವ ಮೊದಲಿನ ಲಕ್ಷಣಗಳು ಸ್ಪಷ್ಟ. ಪುಡಿ ಬಿಳಿ ಅಥವಾ ನಸುಹಳದಿಯಾಗಿದ್ದು ಸಲೀಸಾಗಿ ಓಡಾಡಬೇಕು. ಗಟ್ಟಿ ಉಂಡೆ ಕಟ್ಟಿದ್ದರೆ, ಕಂದು ತಿರುಗಿದ್ದರೆ ಒಳಗೆ ತೇವ ಹೋಗಿದೆ, ವಾಪಸ್ ಕೊಡಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಸೀಲ್ ಸಡಿಲವಿದ್ದ ಬಾಟಲಿಗೆ ಹೀಗಾಗಲು ಹೆಚ್ಚು ಹೊತ್ತು ಬೇಡ, ಕ್ಲಾವುಲನೇಟ್ ಗಾಳಿಯ ತೇವವನ್ನೂ ಎಳೆದುಕೊಳ್ಳುವ ಜಾತಿ. ಬೆರೆಸಿದ ಮೇಲೆ ದಿನ ಕಳೆದಂತೆ ಬಣ್ಣ ಗಾಢ ಹಳದಿಗೆ, ಕಂದಿಗೆ ತಿರುಗಿದರೂ ಬಳಸಬಾರದು. ಆದರೆ ಬಣ್ಣ ತಿರುಗಿಲ್ಲ ಎಂಬುದು ಔಷಧ ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಕ್ಲಾವುಲನಿಕ್ ಆಮ್ಲ ಎಷ್ಟೋ ಕರಗಿಹೋದ ಬಾಟಲಿಯೂ ನೋಡಲು, ಮೂಸಲು, ನೆಕ್ಕಲು ಮೊದಲ ದಿನದಂತೆಯೇ ಇರಬಹುದು. ಪರಿಮಳ ಸಕ್ಕರೆಯದು, ಔಷಧದ್ದಲ್ಲ.

ಆ ಉಳಿದ 10 ಎಂಎಲ್‌ನ ತೊಡಕು ಇಲ್ಲೇ. ಫ್ರಿಜ್ಜಿನಲ್ಲೇ ಕೂತು, ಎಕ್ಸ್‌ಪೈರಿ ತಿಂಗಳು ಇನ್ನೂ ದೂರವಿರುವುದನ್ನು ತೋರಿಸುತ್ತ, ಮುಂದಿನ ಕೆಮ್ಮಿಗೆ ಅದು ಕಾಯುತ್ತಿರುತ್ತದೆ. ಒಂದು ತಿಂಗಳ ಮೇಲೆ ಅದರಿಂದ ಎರಡು ಡೋಸು ಕೊಟ್ಟರೆ ಹೋಗುವುದು ಜೊತೆಗಾರ ಇಲ್ಲದ, ಅಳತೆ ಗೊತ್ತಿಲ್ಲದ ಅಮಾಕ್ಸಿಸಿಲಿನ್. ಆ ಕಿಣ್ವ ಮಾಡುವ ಬ್ಯಾಕ್ಟೀರಿಯಾಗಳಿಗೆ ಅದರಿಂದ ಏನೂ ಆಗುವುದಿಲ್ಲ, ಅದಕ್ಕೆ ಬಗ್ಗುವವಷ್ಟೇ ಸತ್ತು ಇವಕ್ಕೆ ಜಾಗ ಬಿಟ್ಟುಕೊಡುತ್ತವೆ. ನೆಗಡಿ ವೈರಸ್ಸಿನದ್ದಾಗಿದ್ದರೆ ಹೇಗೂ ಪ್ರಯೋಜನವಿರಲಿಲ್ಲ. ಕೋರ್ಸು ಮುಗಿದ ದಿನವೇ ಉಳಿದದ್ದನ್ನು ಮಣ್ಣಿಗೋ ಕಾಫಿ ಗಸಿಗೋ ಕಲಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿಯಬೇಡಿ.

ಫ್ರಿಜ್ಜೇ ಇಲ್ಲದ ಮನೆಗಳ ಮಾತನ್ನು ಲೇಬಲ್ ಆಡುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಸೂರಿನ ಕೆಳಗೆ ರಾತ್ರಿಯೂ ತಂಪಾಗುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ಮಡಕೆಯಲ್ಲಿಟ್ಟರೆ ಬಿಸಿಲಿನ ಏಟು ತಗ್ಗುತ್ತದೆ, ಆದರೆ 8 ಡಿಗ್ರಿಗೆ ಇಳಿಯುವುದಿಲ್ಲ. ಆ ಬಾಟಲಿಗೆ ಏಳು ದಿನದ ಭರವಸೆ ಇಲ್ಲ. ಇಂಥ ಕಡೆ ಬೆರೆಸುವ ಉಪಾಯ ಹುಡುಕುವುದಕ್ಕಿಂತ ಡಾಕ್ಟರ ಮುಂದೆಯೇ "ನಮ್ಮನೇಲಿ ಫ್ರಿಜ್ ಇಲ್ಲ ಡಾಕ್ಟ್ರೇ" ಎಂದು ಬಾಯಿಬಿಟ್ಟು ಹೇಳುವುದು ಮೇಲು. ನೀರಿನಲ್ಲಿ ಕದಡಿ ಕೊಡುವ ಮಾತ್ರೆಗಳಿವೆ, ಅಂಗಡಿಯಲ್ಲಿ 'ಡಿಟಿ' ಎನ್ನುತ್ತಾರೆ. ಹೊತ್ತಿಗೊಂದು ಮಾತ್ರೆಯನ್ನು ಚಮಚ ನೀರಿನಲ್ಲಿ ಕದಡಿ ಆಗಲೇ ಕುಡಿಸಿಬಿಡುವುದರಿಂದ ಗೆರೆಯೂ ಇಲ್ಲ, ಗಡುವೂ ಇಲ್ಲ. ಮಕ್ಕಳ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದೂ ಅಮಾಕ್ಸಿಸಿಲಿನ್ನಿನ ಇಂಥ ಮಾತ್ರೆಯನ್ನೇ. ಮಗುವಿನ ತೂಕಕ್ಕೆ ಹೊಂದುವ ಅಳತೆಯ ಮಾತ್ರೆ ಇದೆಯೇ, ಅಮಾಕ್ಸಿಕ್ಲಾವ್ ಬೇಕೇಬೇಕೇ ಎಂಬುದನ್ನು ಡಾಕ್ಟರು ನೋಡಿ ಹೇಳಬೇಕು. ಅವರಿಗೆ ಫ್ರಿಜ್ಜಿನ ವಿಷಯ ಗೊತ್ತಿರಬೇಕು, ಅಷ್ಟೆ.